ವಾಷಿಂಗ್ ಮಷೀನ್ ದೂರು: ನಮ್ಮ ಸರ್ವೀಸ್ ಮುಖ್ಯಸ್ಥರು ಗುರುವಾರ ನಿಮಗೆ ಫೋನ್ ಮಾಡಬಹುದೇ?

ನಮಸ್ಕಾರ ಮೇಡಂ,

ನಿನ್ನೆ ರಾತ್ರಿ ನೀವು ಕಳಿಸಿದ ಮೇಲ್ ಓದಿದೆ. ಐದು ವಾರದಲ್ಲಿ ಮೂರು ಸಲ ಟೆಕ್ನೀಷಿಯನ್ ಬಂದು ಹೋಗಿದ್ದಾರೆ. ಎರಡು ಸಲ ಡ್ರೈನ್ ಪಂಪ್ ಬದಲಾಯಿಸಿದ್ದಾರೆ. ಆದರೂ ಮಷೀನ್ ಅರ್ಧಕ್ಕೇ ನಿಲ್ಲುತ್ತಿದೆ, ನೀರು ಡ್ರಮ್ಮಿನಲ್ಲೇ ಉಳಿಯುತ್ತಿದೆ. ಹಾಸಿಗೆ ಹಿಡಿದಿರುವ ಅತ್ತೆಯವರ ಬಟ್ಟೆಯನ್ನೆಲ್ಲ ದಿನಾ ಕೈಯಲ್ಲೇ ಒಗೆಯುತ್ತಿದ್ದೇನೆ ಅಂತ ಬರೆದಿದ್ದೀರಿ. ಅದನ್ನು ಓದಿದ ಮೇಲೆ, ಇನ್ನೊಮ್ಮೆ ಯಾರನ್ನಾದರೂ ಕಳಿಸುತ್ತೇವೆ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ತಪ್ಪು ನಮ್ಮದೇ. ದಯವಿಟ್ಟು ಕ್ಷಮಿಸಿ.

ನಿಮ್ಮ ದೂರನ್ನು ಇವತ್ತು ಬೆಳಿಗ್ಗೆ ನಮ್ಮ ಸರ್ವೀಸ್ ವಿಭಾಗದ ಮುಖ್ಯಸ್ಥರ ಮುಂದಿಟ್ಟಿದ್ದೇನೆ. ಅವರೇ ನಿಮ್ಮ ಜೊತೆ ಮಾತಾಡಬೇಕು ಅಂದಿದ್ದಾರೆ. ಗುರುವಾರ ಬೆಳಿಗ್ಗೆ 11 ಗಂಟೆಗೆ ನಿಮಗೆ ಆಗುತ್ತದೆಯೇ? ಅರ್ಧ ಗಂಟೆ ಸಾಕು. ಆ ಹೊತ್ತಿಗೆ ಮನೆಗೆಲಸ ಜಾಸ್ತಿ ಇದ್ದರೆ ಸಂಜೆ 5.30ಕ್ಕೂ ಅವರು ಬಿಡುವಾಗಿರುತ್ತಾರೆ. ಫೋನ್ ನಾವೇ ಮಾಡುತ್ತೇವೆ, ಲೈನಿನಲ್ಲಿ ನಾನೂ ಇರುತ್ತೇನೆ. ಮೂರೂ ಭೇಟಿಯ ವರದಿಯನ್ನು ಅವರು ಓದಿಕೊಂಡೇ ಬರುತ್ತಾರೆ. ನಡೆದದ್ದನ್ನೆಲ್ಲ ನೀವು ಮೊದಲಿಂದ ಹೇಳಬೇಕಾಗಿಲ್ಲ.

ಮುಖ್ಯವಾಗಿ ಮಾತಾಡಬೇಕಾದದ್ದು ಮಷೀನ್ ಬದಲಿಸಿ ಕೊಡುವುದೋ, ಹಣ ವಾಪಸ್ ಮಾಡುವುದೋ ಎಂಬುದನ್ನು. ಎರಡನ್ನೂ ಒಪ್ಪುವ ಅಧಿಕಾರ ಅವರಿಗಿದೆ. ಅದಕ್ಕೇ ಈ ಮಾತುಕತೆ ನನ್ನ ಜೊತೆ ಅಲ್ಲ, ಅವರ ಜೊತೆಯೇ ಆಗಲಿ ಅಂತ ನಾನು ಕೇಳಿಕೊಂಡೆ. ನಿಮಗೆ ಯಾವುದು ಬೇಕು ಎಂದು ನೇರವಾಗಿ ಹೇಳಿ.

ಮೂರು ಸಲವೂ ದೋಷ ಯಾಕೆ ಸಿಗಲಿಲ್ಲ ಎಂಬುದಕ್ಕೂ ಅವರು ಉತ್ತರ ಕೊಡುತ್ತಾರೆ. ನೀರು ಹೋಗದೇ ಇದ್ದರೆ ಪಂಪ್ ಒಂದೇ ಕಾರಣ ಅಲ್ಲ. ಫಿಲ್ಟರ್ ಕಟ್ಟಿಕೊಂಡಿರಬಹುದು, ಹೊರಗೆ ಹೋಗುವ ಪೈಪ್ ಮಡಚಿರಬಹುದು, ನೀರಿನ ಮಟ್ಟ ಅಳೆಯುವ ಸೆನ್ಸರ್ ಕೆಟ್ಟಿರಬಹುದು. ಸೆನ್ಸರ್ ನೋಡಿದ್ದೇವೆ ಎಂದು ಮೂರೂ ವರದಿಯಲ್ಲಿ ಎಲ್ಲೂ ಬರೆದಿಲ್ಲ. ಅದು ನನಗೂ ಸರಿ ಕಾಣಲಿಲ್ಲ.

ವಾರಂಟಿ ಇದ್ದರೂ ಎರಡನೇ ಭೇಟಿಗೆ ನಿಮ್ಮಿಂದ ಹಣ ತೆಗೆದುಕೊಂಡಿದ್ದಾರೆ, ಅಲ್ವಾ? ಅದಕ್ಕೆ ಫೋನ್ ಮಾತುಕತೆಯವರೆಗೆ ಕಾಯುವುದು ಬೇಡ. ವಾಪಸ್ ಕಳಿಸಲು ಇವತ್ತೇ ಹೇಳಿದ್ದೇನೆ.

ಮಷೀನ್ ನಿಂತಾಗ ಡಿಸ್‌ಪ್ಲೇಯಲ್ಲಿ ಬರುವ ಕೋಡ್‌ನ ಫೋಟೋ ಇದ್ದರೆ ಕಳಿಸಿ. ಇಲ್ಲದಿದ್ದರೂ ಪರವಾಗಿಲ್ಲ, ಅದಕ್ಕೋಸ್ಕರ ಮತ್ತೆ ಮಷೀನ್ ಹಾಕಬೇಡಿ.

ಫೋನಿನಲ್ಲಿ ಒಪ್ಪಿಕೊಂಡದ್ದನ್ನೆಲ್ಲ ತಾರೀಖಿನ ಸಮೇತ ಅದೇ ದಿನ ಸಂಜೆಯೊಳಗೆ ನಿಮಗೆ ಬರೆದು ಕಳಿಸುತ್ತೇನೆ. ಬೆಳಿಗ್ಗೆಯೋ ಸಂಜೆಯೋ, ಒಂದು ಮಾತು ತಿಳಿಸಿ. ಫೋನ್ ಬೇಡ, ಬರವಣಿಗೆಯಲ್ಲೇ ಆಗಲಿ ಅನ್ನಿಸಿದರೆ ಹಾಗೇ ಹೇಳಿ. ಈ ಎಲ್ಲ ವಿಷಯಕ್ಕೂ ಅವರಿಂದಲೇ ಉತ್ತರ ಬರೆಸಿ ಕಳಿಸುತ್ತೇನೆ.

ಇಂತಿ,
ನಿಮ್ಮ ದೂರನ್ನು ನೋಡಿಕೊಳ್ಳುತ್ತಿರುವ ಅಧಿಕಾರಿ,
ಗ್ರಾಹಕ ಸೇವಾ ವಿಭಾಗ