ಸೋಮವಾರದ ಸಂದರ್ಶನ, ಮತ್ತೆ ಆ ‘ಬಂದಾನ’

ಮೇಡಂ, ನಮಸ್ಕಾರ.

ಕರಡು ತಿದ್ದುವ ಕೆಲಸದ ಸಂದರ್ಶನಕ್ಕೆ ಸೋಮವಾರ ಶಿವಮೊಗ್ಗದಿಂದ ಬಂದಿದ್ದೆನಲ್ಲ, ಆ ಮಂಜುನಾಥ ನಾನು. ಅಷ್ಟು ಹೊತ್ತು ಕೂರಿಸಿಕೊಂಡು ಮಾತಾಡಿದ್ದಕ್ಕೆ ಥ್ಯಾಂಕ್ಸ್. ಇದನ್ನು ಅವತ್ತು ಸಂಜೆಯೇ ಬರೆಯಬೇಕಿತ್ತು. ಆದರೆ ಉತ್ತರ ಕೊಡದೆ ಎದ್ದು ಬಂದ ಒಂದು ಪ್ರಶ್ನೆ ತಲೆಯಲ್ಲೇ ಕೂತಿತ್ತು, ಮಾಡಿ ನೋಡಿಯೇ ಬರೆಯೋಣ ಅಂದುಕೊಂಡೆ.

ಹಳೆಯ ನುಡಿ ಫೈಲುಗಳನ್ನು ಯೂನಿಕೋಡಿಗೆ ತರುವುದು ಹೇಗೆ ಎಂದು ಕೇಳಿದಿರಿ. ಕನ್ವರ್ಟರ್‌ಗೆ ಹಾಕಿದರೆ ಆಯ್ತು ಅಂತ ಸಲೀಸಾಗಿ ಹೇಳಿಬಿಟ್ಟೆ. ‘ಕಾರ್ಯದ ಅರ್ಕಾವತ್ತು ರ‍್ಯಾಂಕಿಗೂ ಬಂದು ಕೂತರೆ?’ ಅಂದಿರಿ. ನಾನು ಸುಮ್ಮನಾದೆ. ಮನೆಗೆ ಬಂದು ನಮ್ಮ ಡಿಟಿಪಿ ಅಂಗಡಿಯ ಒಂದು ಹಳೆಯ ಫೈಲು ಹಾಕಿ ನೋಡಿದರೆ ನೀವು ಹೇಳಿದ್ದೇ ಆಗಿತ್ತು, ರ‍್ಯಾಂಕ್, ರ‍್ಯಾಲಿ ಎಲ್ಲದಕ್ಕೂ ಅರ್ಕಾವತ್ತು. ರ ಮತ್ತು ಹಲಂತದ ನಡುವೆ U+200D ಸೇರಿಸಿದ ಮೇಲೆ ಸರಿಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಅದು ಕಣ್ಣಿಗೆ ಕಾಣದ ಅಕ್ಷರ, ಅದನ್ನು ಬಿಟ್ಟು ಟೈಪ್ ಮಾಡಿ ಹುಡುಕಿದರೆ ನನ್ನ ಕಂಪ್ಯೂಟರಿನಲ್ಲಿ ಆ ಪದ ಸಿಗಲೇ ಇಲ್ಲ. ಅಂದರೆ ನಿಮ್ಮ ಇ-ಪುಸ್ತಕಗಳಲ್ಲಿ ಓದುಗರು ಎರಡು ರೀತಿ ಟೈಪ್ ಮಾಡಿದರೂ ಸಿಗುವ ಹಾಗೆ ಮಾಡಬೇಕಾಗುತ್ತೆ, ಅಲ್ವಾ? ನೀವು ಕೇಳದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಇನ್ನು ಆ ಕರಡಿನ ಪರೀಕ್ಷೆ. ಧಾರವಾಡದ ಕತೆಯಲ್ಲಿ ‘ಬಂದಾನ’ ಅಂತಿದ್ದುದನ್ನು ಅಚ್ಚಿನ ತಪ್ಪು ಅಂದುಕೊಂಡು ‘ಬಂದಾನು’ ಮಾಡಿದ್ದೆ. ಪಕ್ಕದಲ್ಲಿದ್ದ ನಿಮ್ಮ ಹಿರಿಯ ಸಂಪಾದಕರು ಬೈಯಲಿಲ್ಲ, ನಕ್ಕರು. ‘ತಮ್ಮಾ, ಅಂವ ಬಂದಾನ, ಒಳಗ ಕುಂತಾನ. ನೀ ಅವನ್ನ ಮತ್ತ ಹೊರಗ ಕಳಿಸಿಬಿಟ್ಟಿ’ ಅಂದರು. ಬಸ್ಸಲ್ಲಿ ಅರಸೀಕೆರೆ ದಾಟುವವರೆಗೂ ಅದೇ ನೆನೆದು ನಗುತ್ತಿದ್ದೆ, ಸ್ವಲ್ಪ ನಾಚಿಕೆಯೂ ಆಯಿತು. ಎಂಟು ವರ್ಷದಿಂದ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ತಿದ್ದುತ್ತಿರುವವನು ನಾನು. ಅಲ್ಲಿ ಎಲ್ಲರ ಕನ್ನಡವೂ ಒಂದೇ ಥರ ಇರಬೇಕು. ಕತೆಯಲ್ಲಿ ಹಾಗಲ್ಲ ಅಂತ ಬಾಯಲ್ಲಿ ಹೇಳುತ್ತಿದ್ದೆ, ಕೈಯಲ್ಲಿ ಪೆನ್ನು ಬಂದ ತಕ್ಷಣ ಮರೆತುಹೋಯಿತು. ಅವರಿಗೂ ನನ್ನ ನಮಸ್ಕಾರ ತಿಳಿಸಿ.

ತಪ್ಪು ಮಾಡಿದ್ದನ್ನೇ ಜಾಸ್ತಿ ಬರೆದೆ ಅನ್ನಿಸುತ್ತಿದೆ. ಆದರೆ ಅವತ್ತಿನ ಮಾತಿನಲ್ಲಿ ನನಗೆ ಇಷ್ಟವಾಗಿದ್ದೂ ಅದೇ. ತಪ್ಪು ಸಿಕ್ಕಾಗ ನೀವಿಬ್ಬರೂ ನಿಂತು ಅದರ ಬಗ್ಗೆ ಮಾತಾಡಿದಿರಿ, ಅಂಕ ಕಳೆದು ಮುಂದೆ ಹೋಗಲಿಲ್ಲ. ಇಂಥ ಕಡೆ ಕೆಲಸ ಮಾಡಬೇಕು ಅಂತ ಆಸೆ ಇದೆ.

ಈ ಅಂಗಡಿ ಬಿಡೋಕೆ ಒಂದು ತಿಂಗಳು ಬೇಕು ಎಂದಿದ್ದೆ, ಅದು ಹಾಗೇ ಇದೆ. ಸರಿಮಾಡಿದ ಫೈಲನ್ನು ಇದರ ಜೊತೆಗೇ ಕಳಿಸಿದ್ದೇನೆ. ಪುರುಸೊತ್ತಾದಾಗ ನೋಡಿ, ಎಲ್ಲಾದರೂ ಇನ್ನೂ ಕೆಟ್ಟಿದ್ದರೆ ಹೇಳಿ.

ಮಂಜುನಾಥ
ಶಿವಮೊಗ್ಗ