ಸಿಂಧನೂರಿನ ಭತ್ತದ ಲಾರಿಯನ್ನು ಬಸ್ಸು ಎಲ್ಲಿ ಹಿಂದೆ ಹಾಕುತ್ತದೆ?

ಲೆಕ್ಕ ಹೀಗಿದೆ. ಸಿಂಧನೂರಿನಲ್ಲಿ ಭತ್ತ ತುಂಬಿಕೊಂಡ ಲಾರಿ ಬೆಳಿಗ್ಗೆ 6 ಗಂಟೆಗೆ ರಾಯಚೂರಿಗೆ ಹೊರಡುತ್ತದೆ. ಲೋಡು ಜಾಸ್ತಿ, ಹಾಗಾಗಿ ವೇಗ ಗಂಟೆಗೆ 40 ಕಿ.ಮೀ. ಅಷ್ಟೇ. 6:30ಕ್ಕೆ ಅದೇ ಜಾಗದಿಂದ ಅದೇ ರಸ್ತೆಯಲ್ಲಿ ಒಂದು ಬಸ್ಸು ಹೊರಡುತ್ತದೆ, ಗಂಟೆಗೆ 60 ಕಿ.ಮೀ. ರಾಯಚೂರು 90 ಕಿ.ಮೀ. ದೂರ ಎಂದು ಇಟ್ಟುಕೊಳ್ಳಿ. ಎರಡೂ ಎಲ್ಲೂ ನಿಲ್ಲುವುದಿಲ್ಲ, ಮಾನ್ವಿಯಲ್ಲೂ ಇಲ್ಲ.

ಬಸ್ಸು ಲಾರಿಯನ್ನು ಎಷ್ಟು ಗಂಟೆಗೆ, ಎಲ್ಲಿ ಹಿಡಿಯುತ್ತದೆ? ಲಾರಿ 5:30ಕ್ಕೇ ಹೊರಟಿದ್ದರೆ? ಬಸ್ಸಿನ ಉದ್ದ 12 ಮೀಟರ್, ಲಾರಿಯದು 8 ಮೀಟರ್ ಆದರೆ ಪೂರ್ತಿ ದಾಟಲು ಎಷ್ಟು ಸೆಕೆಂಡು ಬೇಕು?

ಸೂತ್ರ ಆಮೇಲೆ. ಮೊದಲು ಲಾರಿಯ ಕ್ಯಾಬಿನ್‌ನಲ್ಲಿ ಕೂತು ಕನ್ನಡಿ ನೋಡುತ್ತಿದ್ದೀರಿ ಅಂದುಕೊಳ್ಳಿ. ಹಿಂದಿನ ಬಸ್ಸು 60ರಲ್ಲಿ ಬರುತ್ತಿದ್ದರೂ ನೀವೂ 40ರಲ್ಲಿ ಮುಂದೆ ಹೋಗುತ್ತಿದ್ದೀರಲ್ವಾ, ಅದಕ್ಕೇ ಅದು ನಿಮ್ಮ ಹತ್ತಿರ ಬರುವುದು ಗಂಟೆಗೆ ಬರೀ 20 ಕಿ.ಮೀ. ಲೆಕ್ಕದಲ್ಲಿ. ಇದೇ ಸಾಪೇಕ್ಷ ವೇಗ. ಒಂದೇ ದಿಕ್ಕಾದರೆ ಕಳೆಯಬೇಕು.

ಬಸ್ಸು ಹೊರಡುವ ಹೊತ್ತಿಗೆ ಲಾರಿ ಅರ್ಧ ಗಂಟೆ ಓಡಿದೆ.

ಅಂತರ = 40 × 1/2 = 20 ಕಿ.ಮೀ.
ಹಿಡಿಯಲು ಸಮಯ = 20 ÷ (60 − 40) = 1 ಗಂಟೆ

ಅಂದರೆ 7:30ಕ್ಕೆ. ಎಲ್ಲಿ? ಇಲ್ಲೇ ಜಾಸ್ತಿ ಮಕ್ಕಳು ಎಡವುವುದು. 20 × 1 = 20 ಕಿ.ಮೀ. ಎಂದು ಬರೆದುಬಿಡುತ್ತಾರೆ. ಆ 20 ಕರಗಿದ ಅಂತರ, ರಸ್ತೆಯ ಮೇಲಿನ ಜಾಗವಲ್ಲ. ಜಾಗ ಬೇಕಾದರೆ ಬಸ್ಸಿನ ಸ್ವಂತ ವೇಗವನ್ನೇ ಹಿಡಿಯಿರಿ: 60 × 1 = 60 ಕಿ.ಮೀ. ಲಾರಿ ಕಡೆಯಿಂದಲೂ ನೋಡಿ, ಒಂದೂವರೆ ಗಂಟೆಯಲ್ಲಿ 40 × 1.5 = 60. ಎರಡೂ ತಾಳೆಯಾದವು, ಉತ್ತರ ಸರಿ. ರಾಯಚೂರು ಇನ್ನೂ 30 ಕಿ.ಮೀ. ಇದೆ.

ಲಾರಿ 5:30ಕ್ಕೆ ಹೊರಟಿದ್ದರೆ ಅಂತರ 40 ಕಿ.ಮೀ., ಸಮಯ 40 ÷ 20 = 2 ಗಂಟೆ. ಅಷ್ಟರಲ್ಲಿ ಬಸ್ಸು 120 ಕಿ.ಮೀ. ಹೋಗಬೇಕು, ದಾರಿ ಇರುವುದೇ 90! ಲಾರಿ 7:45ಕ್ಕೆ ರಾಯಚೂರು ಮುಟ್ಟುತ್ತದೆ, ಬಸ್ಸು 8ಕ್ಕೆ. ಹಿಂದೆ ಹಾಕುವ ಮಾತೇ ಇಲ್ಲ. 2 ಗಂಟೆ ಎಂದು ಬರೆದು ಸುಮ್ನೆ ಮುಂದಿನ ಲೆಕ್ಕಕ್ಕೆ ಹೋಗಬೇಡಿ, ದಾರಿ ಸಾಲುತ್ತದಾ ನೋಡಿ.

ಕೊನೆಯದು. ಬಸ್ಸಿನ ಮೂತಿ ಲಾರಿಯ ಹಿಂಬದಿಗೆ ಬಂದಾಗಿನಿಂದ ಬಸ್ಸಿನ ಹಿಂಬದಿ ಲಾರಿಯ ಮೂತಿ ದಾಟುವವರೆಗೆ ಎರಡರ ಉದ್ದವೂ ಸೇರುತ್ತದೆ: 12 + 8 = 20 ಮೀಟರ್. ಗಂಟೆಗೆ 20 ಕಿ.ಮೀ. ಅಂದರೆ 20 × 5/18 = 50/9, ಸೆಕೆಂಡಿಗೆ ಅಷ್ಟು ಮೀಟರ್.

ಸಮಯ = 20 ÷ (50/9) = 3.6 ಸೆಕೆಂಡು

ಈ 3.6 ಸೆಕೆಂಡಿನಲ್ಲಿ ಬಸ್ಸು ರಸ್ತೆಯಲ್ಲಿ 60 ಮೀಟರ್ ಓಡಿರುತ್ತದೆ. ಎದುರಿನಿಂದ ಇನ್ನೊಂದು ಗಾಡಿ 60ರಲ್ಲೇ ಬರುತ್ತಿದ್ದರೆ ಅದೂ 60 ಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ಕಡಿಮೆ ಅಂದರೂ 120 ಮೀಟರ್ ಖಾಲಿ ರಸ್ತೆ ಬೇಕು, ಅದೂ ಲಾರಿಯ ಹಿಂದೆ ಮುಂದೆ ಒಂದಡಿ ಜಾಗವನ್ನೂ ಬಿಡದೆ.