ಸರಸ್ವತೀಪುರದ ಅಡುಗೆಮನೆ

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದಲು ಶಿರಸಿಯಿಂದ ಬಂದಿದ್ದ ಸುಮಾಳಿಗೆ ಹಾಸ್ಟೆಲಿನ ಸಾರು ಒಗ್ಗದೆ, ಎರಡನೆಯ ವರ್ಷಕ್ಕೆ ಸರಸ್ವತೀಪುರದಲ್ಲಿ ಮಹಡಿಯ ಮೇಲೊಂದು ಕೋಣೆಯನ್ನೂ ಅದಕ್ಕೆ ಅಂಟಿಕೊಂಡ ಪುಟ್ಟ ಅಡುಗೆಮನೆಯನ್ನೂ ಬಾಡಿಗೆಗೆ ಹಿಡಿದಳು. ಕಡಪದ ಕಟ್ಟೆ, ಸ್ಟೀಲ್ ಸಿಂಕು, ಗೋಡೆಯಲ್ಲಿ ಒಂದೇ ಒಂದು ಪ್ಲಗ್ ಪಾಯಿಂಟು. ಉಳಿದದ್ದೆಲ್ಲ ಅವಳೇ ಹೊಂದಿಸಿಕೊಳ್ಳಬೇಕಿತ್ತು.

ಊರು ಬಿಡುತ್ತಿದ್ದ ಸೀನಿಯರ್ ಒಬ್ಬಳು ಇಂಡಕ್ಷನ್ ಒಲೆಯನ್ನು 900 ರೂಪಾಯಿಗೆ ಕೊಟ್ಟಳು, ಜೊತೆಗೆ ಅದರ ದಪ್ಪ ಪಿನ್ನುಗಳನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಕನ್ವರ್ಟರನ್ನೂ ಪುಕ್ಕಟೆಯಾಗಿ ಕೊಟ್ಟಳು. ಹಳೆಯ ಸಾಮಾನಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಮಿಕ್ಸಿ ತಂದದ್ದಾಯಿತು. ಫ್ರಿಜ್ಜಿನ ಆಸೆಯನ್ನು ಅವಳು ಬೆಲೆ ಕೇಳಿದ ಕೂಡಲೇ ಬಿಟ್ಟಳು.

ಮೊದಲ ದಿನ ಅನ್ನಕ್ಕಿಟ್ಟು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಿತು. ಸ್ವಿಚ್ ಆರಿಸಿ ಕೆಳಗೆ ಓಡಿದಳು. ಕೆ.ಇ.ಬಿ.ಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾಗಿದ್ದ ಮನೆಯ ಮಾಲೀಕರು ಮೇಲೆ ಬಂದು, ಕಂದು ಬಣ್ಣಕ್ಕೆ ತಿರುಗಿದ್ದ ಕನ್ವರ್ಟರನ್ನು ಬೆಳಕಿಗೆ ಹಿಡಿದು ನೋಡಿದರು.

“ನೋಡಮ್ಮ, ಈ ಒಲೆ 1800 ವ್ಯಾಟು. ಅಂದ್ರೆ ಎಂಟು ಆಂಪಿಯರ್ ಹತ್ರ ಎಳೆಯುತ್ತೆ. ಈ ಪಾಯಿಂಟು ಇರೋದು ಆರಕ್ಕೆ. ಮೇನ್‌ನಿಂದ ದಪ್ಪ ವೈರ್ ಎಳೆದು ಹದಿನಾರರ ಸಾಕೆಟ್ ಹಾಕಿಸ್ಬೇಕು. ಖರ್ಚು ನಿಂದು.”

“ಸಾರ್, ಒಲೆ ನಾನು ಹೋಗುವಾಗ ತಗೊಂಡು ಹೋಗ್ತೀನಿ. ಸಾಕೆಟ್ಟು ನಿಮ್ಮ ಗೋಡೆಯಲ್ಲೇ ಇರುತ್ತಲ್ಲ?”

ಅವರು ಉತ್ತರ ಕೊಡದೆ ಇಳಿದುಹೋದರು.

ಅನ್ನ ಅರ್ಧ ಬೆಂದಿತ್ತು. ತಂಬುಳಿಯಾದರೂ ಆಗಲೆಂದು ದೊಡ್ಡಪತ್ರೆ, ಕಾಯಿತುರಿಗಳನ್ನು ಜಾರಿಗೆ ಹಾಕಿದರೆ ಮಿಕ್ಸಿಯ ಮೋಟಾರು ಗರ್ಜಿಸಿತೇ ಹೊರತು ಬ್ಲೇಡು ಅಲುಗಲಿಲ್ಲ. ಜಾರನ್ನು ಎತ್ತಿ ನೋಡಿದಾಗ ಕೆಳಗಿನ ಕಪ್ಪು ಕಪ್ಲರಿನ ಹಲ್ಲುಗಳೆಲ್ಲ ಸವೆದು ನುಣ್ಣಗಾಗಿದ್ದವು. ಮರುದಿನ ಹೊಸ ಕಪ್ಲರ್ ತಂದು, ವೈರನ್ನು ಕಿತ್ತಿಟ್ಟು, ಮಿಕ್ಸಿಯನ್ನು ಮಗುಚಿ ಮೋಟಾರಿನ ದಂಡವನ್ನು ಸ್ಕ್ರೂಡ್ರೈವರಿನಿಂದ ಭದ್ರವಾಗಿ ಹಿಡಿದು ಹಳೆಯದನ್ನು ಎಡಕ್ಕೆ ತಿರುಗಿಸಿದಳು. ಅದು ಇನ್ನಷ್ಟು ಬಿಗಿಯಾಯಿತು. ಅಂಗಡಿಯವನು ಉಲ್ಟಾ ಥ್ರೆಡ್ ಎಂದು ಹೇಳಿದ್ದು ಆಗ ನೆನಪಾಗಿ ಬಲಕ್ಕೆ ತಿರುಗಿಸಿದೊಡನೆ ಸಡಿಲಾಗಿ ಕೈಗೆ ಬಂದಿತು.

ಮಿಕ್ಸಿಯ ಸದ್ದು ನಿಂತಾಗ ಮಾಲೀಕರು ಬಾಗಿಲಲ್ಲಿದ್ದರು.

“ವೈರೂ ಸಾಕೆಟ್ಟೂ ನಂದು, ಎಲೆಕ್ಟ್ರಿಷಿಯನ್ ಕೂಲಿ ನಿಂದು. ಒಪ್ಪಿಗೇನಾ?”

“ಒಪ್ಪಿಗೆ ಸಾರ್.”

“ಹಾಗಾದ್ರೆ ಆ ಸ್ಕ್ರೂಡ್ರೈವರ್ ತಗೊಂಡು ಕೆಳಗೆ ಬಾ. ನಮ್ಮನೆ ಮಿಕ್ಸಿನೂ ಒಂದು ವಾರದಿಂದ ಹೀಗೇ ಬರೀ ಕೂಗ್ತಿದೆ.”